ಅರ್ಧ ಮೆಗಾಪಿಕ್ಸೆಲ್‌ನ ಹೆಬ್ಬಾತು

ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುತ್ತವೆ. ಮಂಗೋಲಿಯಾ, ಟಿಬೆಟ್ ಕಡೆ ಮರಿ ಮಾಡಿ, ಹಿಮಾಲಯ ದಾಟಿ ಬರುವ ಹಕ್ಕಿಗಳಿವು. 2024ರಲ್ಲಿ ಈ ಕೆರೆ ರಾಮ್ಸಾರ್ ತಾಣಗಳ ಪಟ್ಟಿ ಸೇರಿದ ಮೇಲೆ ಕ್ಯಾಮೆರಾ ಹಿಡಿದು ಹೋಗುವವರೂ ಹೆಚ್ಚಾಗಿದ್ದಾರೆ. ಆದರೆ ಹೆಬ್ಬಾತು ನಮ್ಮ ಹತ್ತಿರ ಬರುವ ಹಕ್ಕಿಯಲ್ಲ. ನಾವು ದಡದ ಮೇಲೆ ನಿಂತರೆ ಅದು ನೀರಿನ ಆಚೆ ಬದಿಯಲ್ಲಿರುತ್ತದೆ. ಇನ್ನೆರಡು ಹೆಜ್ಜೆ ಮುಂದಿಟ್ಟರೆ ಕತ್ತೆತ್ತಿ ನೋಡುತ್ತದೆ, ಮತ್ತೆರಡು ಹೆಜ್ಜೆಗೆ ಇಡೀ ಗುಂಪೇ ಎದ್ದುಬಿಡುತ್ತದೆ. ಹಾಗಾಗಿ ಎಲ್ಲರೂ ಮಾಡುವುದು ಒಂದೇ: ದೂರದಿಂದ ಕ್ಲಿಕ್ ಮಾಡಿ, ಮನೆಗೆ ಬಂದು ಕಂಪ್ಯೂಟರಿನಲ್ಲಿ ಸುತ್ತಲಿನ ನೀರು, ಆಕಾಶವನ್ನೆಲ್ಲ ಕತ್ತರಿಸಿ ಹಕ್ಕಿಯನ್ನಷ್ಟೇ ಉಳಿಸಿಕೊಳ್ಳುವುದು.

ಆಗ ಕೆಲವೊಮ್ಮೆ ರೆಕ್ಕೆಯ ಒಂದೊಂದು ಗರಿಯ ಅಂಚೂ ಎಣಿಸುವಂತೆ ಕಾಣುತ್ತದೆ. ಕೆಲವೊಮ್ಮೆ ಅದೇ ಕ್ಯಾಮೆರಾ, ಅದೇ ಲೆನ್ಸು, ಆದರೆ ಹಕ್ಕಿಯ ಜಾಗದಲ್ಲಿ ಬೂದು ಬಣ್ಣದ ಮುದ್ದೆ. 'ಫೋಟೊ ಒಡೆದುಹೋಯ್ತು' ಅನ್ನುತ್ತೇವೆ. ನಿಜದಲ್ಲಿ ಕ್ರಾಪ್ ಮಾಡಿದ್ದರಿಂದ ಏನೂ ಒಡೆಯುವುದಿಲ್ಲ. ಹಕ್ಕಿಯ ಮೇಲೆ ಎಷ್ಟು ವಿವರ ದಾಖಲಾಗಬೇಕೋ ಅದು ಶಟರ್ ಒತ್ತಿದ ಗಳಿಗೆಯಲ್ಲೇ ತೀರ್ಮಾನವಾಗಿರುತ್ತದೆ. ಇಡೀ ಚಿತ್ರವನ್ನು ಮೊಬೈಲಿನಲ್ಲಿ ನೋಡುವಾಗ ಮುಚ್ಚಿಕೊಂಡಿದ್ದ ಕೊರತೆಯನ್ನು ಕ್ರಾಪ್ ಬಿಚ್ಚಿ ತೋರಿಸುತ್ತದೆ, ಅಷ್ಟೇ.

ಆ ತೀರ್ಮಾನ ಹೇಗಾಗುತ್ತದೆ ಎಂಬುದನ್ನು ಸಣ್ಣ ಲೆಕ್ಕದಲ್ಲಿ ಹಿಡಿಯಬಹುದು. ಹವ್ಯಾಸಿಗಳಲ್ಲಿ ಬಹಳ ಮಂದಿಯ ಬಳಿ ಇರುವಂಥ ಸಾಮಾನು ತೆಗೆದುಕೊಳ್ಳೋಣ. 24 ಮೆಗಾಪಿಕ್ಸೆಲ್‌ನ, ಎಪಿಎಸ್-ಸಿ ಎಂದು ಕರೆಯುವ ಸಣ್ಣ ಸೆನ್ಸರಿನ ಕ್ಯಾಮೆರಾ, ಅದಕ್ಕೊಂದು 500 ಮಿಲಿಮೀಟರಿನ ಲೆನ್ಸ್. ಸೆನ್ಸರಿನ ಅಗಲ 23.5 ಮಿ.ಮೀ., ಅದರಲ್ಲಿ ಅಡ್ಡಸಾಲಿಗೆ 6000 ಪಿಕ್ಸೆಲ್‌ಗಳು. ಭಾಗಿಸಿದರೆ ಒಂದು ಪಿಕ್ಸೆಲ್ಲಿನ ಅಗಲ ಸುಮಾರು 3.9 ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದ ನಾಲ್ಕು ಭಾಗಕ್ಕಿಂತ ತುಸು ಕಡಿಮೆ. ಇನ್ನು ಬೇಕಾದ ಸೂತ್ರ ಇಷ್ಟೇ:

ಹಕ್ಕಿಯ ಮೇಲೆ ಒಂದು ಪಿಕ್ಸೆಲ್ ಆವರಿಸುವ ಅಳತೆ (ಮಿ.ಮೀ.) = ಪಿಕ್ಸೆಲ್ ಅಗಲ (ಮೈಕ್ರಾನ್) × ದೂರ (ಮೀಟರ್) ÷ ಲೆನ್ಸಿನ ಫೋಕಲ್ ಲೆಂತ್ (ಮಿ.ಮೀ.)

ಹೆಬ್ಬಾತು 150 ಮೀಟರ್ ದೂರದಲ್ಲಿದೆ ಎಂದುಕೊಳ್ಳಿ. 3.9 ಅನ್ನು 150ರಿಂದ ಗುಣಿಸಿ 500ರಿಂದ ಭಾಗಿಸಿದರೆ 1.17. ಅಂದರೆ ಹಕ್ಕಿಯ ಮೈಯ ಸುಮಾರು 1.2 ಮಿ.ಮೀ. ಜಾಗಕ್ಕೆ ಒಂದು ಪಿಕ್ಸೆಲ್ ಸಿಕ್ಕಿದೆ. ಕೊಕ್ಕಿನಿಂದ ಬಾಲದವರೆಗೆ ಮುಕ್ಕಾಲು ಮೀಟರ್ ಇರುವ ಹಕ್ಕಿ ಹತ್ತಿರಹತ್ತಿರ 640 ಪಿಕ್ಸೆಲ್ ಉದ್ದ ಬರುತ್ತದೆ. 6000 ಪಿಕ್ಸೆಲ್ ಅಗಲದ ಚಿತ್ರದಲ್ಲಿ ಅದು ಹತ್ತನೇ ಒಂದು ಭಾಗ. ಸುತ್ತ ಒಂದಿಷ್ಟು ಜಾಗ ಬಿಟ್ಟು 900 × 600ಕ್ಕೆ ಕ್ರಾಪ್ ಮಾಡಿದರೆ ಕೈಯಲ್ಲಿ ಉಳಿಯುವುದು ಅರ್ಧ ಮೆಗಾಪಿಕ್ಸೆಲ್ ಚಿಲ್ಲರೆ. ಕ್ಯಾಮೆರಾಕ್ಕೆ ದುಡ್ಡು ಕೊಟ್ಟದ್ದು 24 ಮೆಗಾಪಿಕ್ಸೆಲ್ಲಿಗೆ, ಹೆಬ್ಬಾತಿನ ಪಾಲಿಗೆ ಬಂದದ್ದು ಅದರಲ್ಲಿ ನೂರಕ್ಕೆ ಎರಡಕ್ಕಿಂತ ತುಸು ಹೆಚ್ಚು.

ಈ ಅರ್ಧ ಮೆಗಾಪಿಕ್ಸೆಲ್ ಸಾಕೇ ಎಂದು ಕೇಳುವ ಮೊದಲು, ಯಾವುದಕ್ಕೆ ಸಾಕೇ ಎಂದು ಕೇಳಬೇಕು. 'ಇದು ಪಟ್ಟೆತಲೆ ಹೆಬ್ಬಾತೇ ಹೌದು' ಎಂದು ಹೇಳಲು ತಲೆಯ ಮೇಲಿನ ಎರಡು ಕಪ್ಪು ಪಟ್ಟೆ ಕಂಡರಾಯಿತು. ಅವು ಅಂದಾಜು ಸೆಂಟಿಮೀಟರಿನಷ್ಟು ಅಗಲ ಎಂದು ಇಟ್ಟುಕೊಂಡರೆ 150 ಮೀಟರಿನಲ್ಲಿ ಒಂದೊಂದು ಪಟ್ಟೆಗೂ ಎಂಟು ಪಿಕ್ಸೆಲ್ ಸಿಗುತ್ತದೆ. ದೂರ 300 ಮೀಟರ್ ಆದರೂ ನಾಲ್ಕು. ಬಿಳಿಯ ಮೇಲೆ ಕಪ್ಪು ಇರುವುದರಿಂದ ನಾಲ್ಕು ಪಿಕ್ಸೆಲ್ಲಿನ ಪಟ್ಟೆಯೂ ಎದ್ದು ಕಾಣುತ್ತದೆ. ಹಾಗಾಗಿ ಜಾತಿ ಗುರುತಿಸುವ ಮಟ್ಟಿಗೆ 300 ಮೀಟರಿನ ಫೋಟೊ ಕೂಡ ಪುರಾವೆಯೇ. ಇನ್ನೊಂದು ತುದಿಯಲ್ಲಿ, ಗರಿಯ ನಡುದಂಟಿನಿಂದ ಎರಡೂ ಬದಿಗೆ ಹೊರಡುವ ಎಳೆಗಳು ಕಾಣಬೇಕು ಎಂದರೆ? ಆ ಎಳೆಗಳ ನಡುವಿನ ಅಂತರ ಸಾಮಾನ್ಯವಾಗಿ ಒಂದು ಮಿಲಿಮೀಟರಿಗಿಂತಲೂ ಕಡಿಮೆ. ಪಿಕ್ಸೆಲ್ಲೊಂದೇ 1.2 ಮಿ.ಮೀ. ಆವರಿಸುವಾಗ ಎಳೆ ಹಿಡಿಯುವ ಮಾತೇ ಇಲ್ಲ. ಒಂದು ಎಳೆ, ಅದರ ಪಕ್ಕದ ಸಂದು, ಎರಡೂ ಬೇರೆಬೇರೆ ಪಿಕ್ಸೆಲ್ಲಿನಲ್ಲಿ ಬಿದ್ದರೆ ಮಾತ್ರ ಎಳೆ ಎಳೆಯಾಗಿ ಕಾಣಲು ಸಾಧ್ಯ. ಎಷ್ಟೇ ಒಳ್ಳೆಯ ಲೆನ್ಸ್ ಇದ್ದರೂ ಆ ದೂರದಿಂದ ಮೈ ನಯವಾದ ಬೂದು ಬಣ್ಣವಾಗಿಯೇ ಬರುತ್ತದೆ. ಗರಿಗಳ ಬಿಳಿ ಅಂಚು ಮಾತ್ರ ಅಡ್ಡಗೆರೆಗಳಂತೆ ಉಳಿದುಕೊಳ್ಳುತ್ತದೆ.

ಇವೆರಡರ ನಡುವೆ ಇರುವ ಪ್ರಶ್ನೆಯೇ ಹೆಚ್ಚು ಸ್ವಾರಸ್ಯದ್ದು. ಮಂಗೋಲಿಯಾದಲ್ಲಿ ಸಂಶೋಧಕರು ಕೆಲವು ಹೆಬ್ಬಾತುಗಳಿಗೆ ಪ್ಲಾಸ್ಟಿಕ್ಕಿನ ಕೊರಳಪಟ್ಟಿ ಹಾಕಿ ಬಿಟ್ಟಿದ್ದಾರೆ. ಪಟ್ಟಿಯ ಮೇಲೆ ಅಕ್ಷರ, ಅಂಕಿಗಳ ಸಂಕೇತ ಇರುತ್ತದೆ. ಅಂಥ ಹಕ್ಕಿಗಳು ಮೈಸೂರು ಬಳಿಯ ಹದಿನಾರು ಕೆರೆಯಂಥ ಕಡೆಗಳಲ್ಲಿ ಕಾಣಿಸಿಕೊಂಡು, ಫೋಟೊ ನೋಡಿಯೇ ಅವು ಎಲ್ಲಿಂದ ಬಂದವು ಎಂದು ತಿಳಿದುಬಂದದ್ದುಂಟು. ಇಲ್ಲಿ ಚೆಂದದ ಪ್ರಶ್ನೆಯೇ ಇಲ್ಲ. ಅಕ್ಷರ ಓದಲು ಬರಬೇಕು, ಓದಿದ್ದು ತಪ್ಪಿರಬಾರದು. ಒಂದು ಅಂಕಿ ತಪ್ಪಿದರೆ ಇನ್ನಾವುದೋ ಹಕ್ಕಿಯ ಚರಿತ್ರೆಗೆ ನಮ್ಮ ಕೆರೆ ಸೇರಿಕೊಳ್ಳುತ್ತದೆ.

ಅಕ್ಷರದ ಎತ್ತರ ಎರಡು ಸೆಂಟಿಮೀಟರ್ ಎಂದು ಊಹಿಸಿಕೊಳ್ಳೋಣ. 150 ಮೀಟರಿನಲ್ಲಿ ಅದಕ್ಕೆ 17 ಪಿಕ್ಸೆಲ್ ಎತ್ತರ ಸಿಗುತ್ತದೆ. 300 ಮೀಟರಿನಲ್ಲಿ ಎಂಟೂವರೆ. ರೈಲು ನಿಲ್ದಾಣದ ಫಲಕದಲ್ಲಿ ಕೆಂಪು ಚುಕ್ಕಿಗಳಿಂದ ಇಂಗ್ಲಿಷ್ ಅಕ್ಷರ ಮೂಡುತ್ತದಲ್ಲ, ಅದಕ್ಕೆ ಏಳು ಚುಕ್ಕಿ ಎತ್ತರ, ಐದು ಚುಕ್ಕಿ ಅಗಲ ಇದ್ದರೆ ನಡೆಯುತ್ತದೆ. ಹಾಗಾದರೆ ಎಂಟೂವರೆ ಪಿಕ್ಸೆಲ್ ಧಾರಾಳವಾಯಿತಲ್ಲ ಎನ್ನಿಸಬಹುದು. ಆದರೆ ಫಲಕದಲ್ಲಿ ಚುಕ್ಕಿ ಒಂದೋ ಉರಿಯುತ್ತದೆ, ಇಲ್ಲವೇ ಆರಿರುತ್ತದೆ. ಅಕ್ಷರ ಆ ಚುಕ್ಕಿಗಳ ಸಾಲಿಗೆ ಸರಿಯಾಗಿಯೇ ಕೂತಿರುತ್ತದೆ. ಹೆಬ್ಬಾತಿನ ಕೊರಳಪಟ್ಟಿ ಹಾಗೆ ಕೂರುವುದಿಲ್ಲ. ಕುತ್ತಿಗೆ ಓರೆಯಾಗಿರುತ್ತದೆ, ಪಟ್ಟಿ ದುಂಡಗೆ ಸುತ್ತಿಕೊಂಡಿರುತ್ತದೆ, ಅಕ್ಷರದ ಗೆರೆ ಅರ್ಧ ಈ ಪಿಕ್ಸೆಲ್ಲಿಗೆ ಅರ್ಧ ಆ ಪಿಕ್ಸೆಲ್ಲಿಗೆ ಬಿದ್ದು ಎರಡೂ ಮಂಕಾಗುತ್ತವೆ. ಅಕ್ಷರದ ಗೆರೆಯ ದಪ್ಪ ಮೂರು ಮಿ.ಮೀ. ಇದ್ದರೆ 150 ಮೀಟರಿನಲ್ಲಿ ಗೆರೆಗೆ ಎರಡೂವರೆ ಪಿಕ್ಸೆಲ್, 300 ಮೀಟರಿನಲ್ಲಿ ಒಂದು ಪಿಕ್ಸೆಲ್ ಚಿಲ್ಲರೆ. ಆಗ 3 ಮತ್ತು 8ರ ನಡುವಿನ ವ್ಯತ್ಯಾಸ ಎಂದರೆ ಎಡಗಡೆಯ ಒಂದೆರಡು ಪಿಕ್ಸೆಲ್ ತುಸು ಕಪ್ಪೋ ತುಸು ಬೆಳ್ಳಗೋ ಎಂಬುದಷ್ಟೇ. ಅದನ್ನು ಓದುವುದು ಎನ್ನಲಾಗದು, ಕಣಿ ಹೇಳುವುದು ಎನ್ನಬಹುದು.

ಗೆರೆ ಎಲ್ಲಿ ಎಳೆಯಬೇಕು ಎಂಬುದಕ್ಕೆ ಹಳೆಯದೊಂದು ಅಳತೆಗೋಲು ಇದೆ. ಅದು ಹುಟ್ಟಿದ್ದು ಹಕ್ಕಿಗಳಿಗಾಗಿ ಅಲ್ಲ, ಯುದ್ಧಕ್ಕಾಗಿ. ಅಮೆರಿಕದ ಸೇನೆಯ ರಾತ್ರಿ ನೋಟದ ಸಾಧನಗಳ ಮೇಲೆ ಕೆಲಸ ಮಾಡುತ್ತಿದ್ದ ಜಾನ್ ಜಾನ್ಸನ್ ಎಂಬ ವಿಜ್ಞಾನಿ 1958ರಲ್ಲಿ, ದೂರದ ವಸ್ತುವೊಂದನ್ನು ನೋಡುವವನು ಅದನ್ನು ಯಾವ ಹಂತದಲ್ಲಿ ಏನೆಂದು ಹೇಳಬಲ್ಲ ಎಂದು ಅಳೆದ. ಅವನ ಲೆಕ್ಕವನ್ನು ಇಂದಿನ ಪಿಕ್ಸೆಲ್ಲಿಗೆ ಹೊಂದಿಸಿ ಹೇಳುವುದಾದರೆ, ವಸ್ತುವಿನ ಕಿರಿದಾದ ಬದಿಗೆ ಎರಡು ಪಿಕ್ಸೆಲ್ ಸಿಕ್ಕರೆ 'ಅಲ್ಲೇನೋ ಇದೆ' ಎನ್ನಬಹುದು. ಎಂಟು ಸಿಕ್ಕರೆ ಯಾವ ಬಗೆಯದು ಎಂದು ಗೊತ್ತಾಗುತ್ತದೆ. ಹದಿಮೂರರ ಸುಮಾರಿಗೆ ಬಂದರೆ ಇಂಥದ್ದೇ ಎಂದು ಹೇಳಬಹುದು. ಇಲ್ಲೊಂದು ಮಾತು ಮರೆಯಬಾರದು. ಇವು ನೂರರಲ್ಲಿ ಐವತ್ತು ಸಲ ಸರಿಯಾಗುವ ಮಟ್ಟಗಳು, ಅಂದರೆ ಇನ್ನರ್ಧ ಸಲ ಕೈಕೊಡುವಂಥವು. ಆದರೂ ಅಂದಾಜಿಗೆ ಇದು ಉಪಯೋಗಕ್ಕೆ ಬರುತ್ತದೆ. ನಮ್ಮ ಎರಡು ಸೆಂಟಿಮೀಟರಿನ ಅಕ್ಷರಕ್ಕೆ 13 ಪಿಕ್ಸೆಲ್ ಬೇಕು ಎಂದರೆ ಒಂದು ಪಿಕ್ಸೆಲ್ 1.5 ಮಿ.ಮೀ.ಗಿಂತ ಹೆಚ್ಚು ಆವರಿಸಬಾರದು. ಸೂತ್ರವನ್ನು ತಿರುಗಿಸಿ ಹಾಕಿದರೆ ದೂರ ಸುಮಾರು 200 ಮೀಟರ್ ಬರುತ್ತದೆ. ಈ ಕ್ಯಾಮೆರಾ, ಈ ಲೆನ್ಸಿಗೆ ಕೊರಳಪಟ್ಟಿ ಓದುವ ಗಡಿ ಅದು. 150ರಲ್ಲಿ ನೆಮ್ಮದಿಯಿಂದ ಓದಬಹುದು, 200ರಲ್ಲಿ ಅದೃಷ್ಟ ನೋಡಬೇಕು, 300ರಲ್ಲಿ ಹಕ್ಕಿಗೆ ಪಟ್ಟಿ ಇದೆ ಎಂದು ಮಾತ್ರ ಹೇಳಬಹುದು.

ಇದುವರೆಗಿನ ಲೆಕ್ಕದಲ್ಲಿ ಒಂದು ಉದಾರತೆ ಇದೆ. ಒಂದೊಂದು ಪಿಕ್ಸೆಲ್ಲೂ ಒಂದೊಂದು ನಿಜವಾದ ವಿವರವನ್ನು ಹಿಡಿದಿದೆ ಎಂದು ನಂಬಿಕೊಂಡೇ ಬಂದೆವು. ಹಾಗೆ ಆಗುವುದಿಲ್ಲ. ಬೆಳಕು ಲೆನ್ಸಿನ ರಂಧ್ರದ ಮೂಲಕ ಹಾಯುವಾಗ ಸ್ವಲ್ಪ ಹರಡಿಕೊಳ್ಳುತ್ತದೆ. ದೂರದ ಒಂದು ಬಿಂದು ಸೆನ್ಸರಿನ ಮೇಲೆ ಬಿಂದುವಾಗಿ ಬೀಳದೆ ಪುಟ್ಟ ಬಿಲ್ಲೆಯಾಗಿ ಬೀಳುತ್ತದೆ. ಯಾವ ಕಂಪನಿಯ ಎಷ್ಟೇ ದುಬಾರಿ ಲೆನ್ಸಾದರೂ ಈ ನಿಯಮದಿಂದ ತಪ್ಪಿಸಿಕೊಳ್ಳಲಾರದು. ಅಪರ್ಚರ್ f/5.6 ಇದ್ದಾಗ ಆ ಬಿಲ್ಲೆಯ ಅಗಲ ಏಳೂವರೆ ಮೈಕ್ರಾನ್, ಅಂದರೆ ನಮ್ಮ ಕ್ಯಾಮೆರಾದ ಎರಡು ಪಿಕ್ಸೆಲ್. f/11ಕ್ಕೆ ಇಳಿಸಿದರೆ ಹದಿನೈದು ಮೈಕ್ರಾನಿನ ಹತ್ತಿರ, ನಾಲ್ಕು ಪಿಕ್ಸೆಲ್. ಭೂದೃಶ್ಯ ತೆಗೆಯುವ ರೂಢಿಯಲ್ಲಿ f/11 ಇಟ್ಟುಕೊಂಡು ದೂರದ ಹಕ್ಕಿ ಹೊಡೆದವರ ಕ್ರಾಪ್ ಯಾಕೋ ಮೆತ್ತಗೆ ಬಂತು ಎನ್ನುವುದಕ್ಕೆ ಅರ್ಧ ಕಾರಣ ಇದೇ.

ಇದರ ಒಳ್ಳೆಯ ಉದಾಹರಣೆ ನಿಕಾನ್ ಪಿ1000 ಎಂಬ ಕ್ಯಾಮೆರಾ. '3000 ಮಿ.ಮೀ.' ಎಂಬ ಅದರ ಹೆಸರಾಂತ ಜೂಮ್ ನೋಡಿ ಬೆರಗಾಗದವರಿಲ್ಲ. ಅದರ ಲೆನ್ಸಿನ ನಿಜವಾದ ಫೋಕಲ್ ಲೆಂತ್ 539 ಮಿ.ಮೀ.; ಸೆನ್ಸರ್ ಉಗುರಿಗಿಂತ ಸಣ್ಣದು, ಪಿಕ್ಸೆಲ್ 1.3 ಮೈಕ್ರಾನಿನ ಆಸುಪಾಸು. ನಮ್ಮ ಸೂತ್ರಕ್ಕೆ ಹಾಕಿದರೆ 150 ಮೀಟರಿನಲ್ಲಿ ಒಂದು ಪಿಕ್ಸೆಲ್ 0.4 ಮಿ.ಮೀ.ಗಿಂತ ಕಡಿಮೆ ಆವರಿಸುತ್ತದೆ. ಹೆಬ್ಬಾತಿನ ಮೇಲೆ ನಮ್ಮ ಕ್ಯಾಮೆರಾಕ್ಕಿಂತ ಮೂರು ಪಟ್ಟು ಹೆಚ್ಚು ಪಿಕ್ಸೆಲ್ ಸಿಕ್ಕವು ಎಂದಾಯಿತು. ಆದರೆ ಪೂರ್ತಿ ಜೂಮಿನಲ್ಲಿ ಅದರ ಅಪರ್ಚರ್ f/8, ಬೆಳಕಿನ ಬಿಲ್ಲೆ ಹತ್ತೂವರೆ ಮೈಕ್ರಾನ್ ಮೀರುತ್ತದೆ, ಎಂಟು ಪಿಕ್ಸೆಲ್ ಅಗಲ! ಹಕ್ಕಿಯ ಮೈ ಮೇಲೆ ಅದು ಮೂರು ಮಿ.ಮೀ. ಆದರೆ, 500 ಮಿ.ಮೀ. f/5.6 ಲೆನ್ಸಿನದು ಎರಡೂಕಾಲು ಮಿ.ಮೀ. ಪಿಕ್ಸೆಲ್ ಮೂರು ಪಟ್ಟು ಹೆಚ್ಚಿದ್ದರೂ ಬೆಳಕಿನ ಮಟ್ಟಿಗೆ ವಿವರ ತುಸು ಕಡಿಮೆಯೇ. ಹಾಗೆಂದು ಆ ಕ್ಯಾಮೆರಾ ಕೆಟ್ಟದ್ದಲ್ಲ. ಹೆಗಲಿಗೆ ಭಾರವಾಗದೆ, ಕಡಿಮೆ ಬೆಲೆಗೆ ಅಷ್ಟು ದೂರ ತಲುಪಿಸುವುದು ಸಣ್ಣ ಮಾತಲ್ಲ. ಆದರೆ ಅದರ ಪೂರ್ತಿ ಜೂಮ್ ಚಿತ್ರವನ್ನು ಮತ್ತೆ ಕ್ರಾಪ್ ಮಾಡಿದರೆ ಹೊಸದೇನೂ ಹೊರಬರುವುದಿಲ್ಲ. ಬರಬೇಕಾದ್ದೆಲ್ಲ ಆಗಲೇ ಬಂದಾಗಿರುತ್ತದೆ.

ಬಣ್ಣದ ವಿಷಯ ಬೇರೆಯೇ. ಸೆನ್ಸರಿನ ಒಂದೊಂದು ಪಿಕ್ಸೆಲ್ಲಿನ ಮೇಲೂ ಒಂದೇ ಬಣ್ಣದ ಶೋಧಕ ಕೂತಿರುತ್ತದೆ. ಅರ್ಧದಷ್ಟು ಹಸಿರು, ಕಾಲು ಭಾಗ ಕೆಂಪು, ಕಾಲು ಭಾಗ ನೀಲಿ. ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಈ ಹಂಚಿಕೆಯೇ ಇಂದಿಗೂ ಹೆಚ್ಚಿನ ಕ್ಯಾಮೆರಾಗಳಲ್ಲಿದೆ. ಇಲ್ಲದ ಬಣ್ಣಗಳನ್ನು ಕ್ಯಾಮೆರಾ ಅಕ್ಕಪಕ್ಕದ ಪಿಕ್ಸೆಲ್ ನೋಡಿ ಅಂದಾಜಿಸುತ್ತದೆ. ಕಪ್ಪುಬಿಳುಪಿನ ಅಂಚು ಈ ಅಂದಾಜಿನಲ್ಲಿ ಹೆಚ್ಚು ಕೆಡುವುದಿಲ್ಲ. ಆದರೆ ಬರೀ ಬಣ್ಣದ ವ್ಯತ್ಯಾಸದಿಂದ ಗೊತ್ತಾಗಬೇಕಾದ ಸಣ್ಣ ಗುರುತುಗಳು ಬೇಗ ಮಸುಕಾಗುತ್ತವೆ. ಮೇಲಿಂದ ಜೆಪೆಗ್ ಕಡತವಾಗಿ ಉಳಿಸುವಾಗ ಸಾಮಾನ್ಯವಾಗಿ ಬಣ್ಣದ ಮಾಹಿತಿಯನ್ನು ಇನ್ನೊಮ್ಮೆ ಅರ್ಧಕ್ಕಿಳಿಸುತ್ತಾರೆ. ಹಾಗಾಗಿ ಕಾಲಿಗೆ ಹಾಕಿದ ಬಣ್ಣದ ಉಂಗುರ ಎರಡು ಮೂರು ಪಿಕ್ಸೆಲ್ ಅಗಲ ಇದ್ದರೆ, ಅದು ಹಳದಿಯೋ ಕಿತ್ತಳೆಯೋ ಎಂದು ವಾದಕ್ಕಿಳಿಯುವುದು ದಂಡ. ಹೆಬ್ಬಾತಿನ ಕಾಲಿನ ಬಣ್ಣವೇ ಕಿತ್ತಳೆ ಮಿಶ್ರಿತ ಹಳದಿ. ಅದು ಉಂಗುರದೊಳಕ್ಕೆ ಸೋರಿ ಬಂದಿರುತ್ತದೆ.

ಕಾಗದದ ಮೇಲಿನ ಲೆಕ್ಕವನ್ನು ಬುಡಮೇಲು ಮಾಡುವ ಇನ್ನೊಂದು ಸಂಗತಿ ಗಾಳಿ. ಮಾಗಡಿ ಕೆರೆಯ ಸುತ್ತ ಹೊಲಗಳಿವೆ. ಬಿಸಿಲೇರಿದಂತೆ ಬರಿ ಮಣ್ಣು ಕಾದು ಅದರ ಮೇಲಿನ ಗಾಳಿ ಕುದಿಯುವಂತೆ ಏಳತೊಡಗುತ್ತದೆ. ಬಿಸಿ ಗಾಳಿ, ತಣ್ಣನೆ ಗಾಳಿ ಬೆರೆತಲ್ಲೆಲ್ಲ ಬೆಳಕು ಒಂದಿಷ್ಟು ಬಾಗುತ್ತದೆ. ನಮ್ಮ 500 ಮಿ.ಮೀ. ಲೆನ್ಸಿನಲ್ಲಿ ಒಂದು ಡಿಗ್ರಿ ಕೋನದೊಳಗೆ 2200ಕ್ಕೂ ಹೆಚ್ಚು ಪಿಕ್ಸೆಲ್‌ಗಳು ತುಂಬಿರುತ್ತವೆ. ಅಷ್ಟು ಸೂಕ್ಷ್ಮ ಕೋನದಲ್ಲಿ ಬೆಳಕು ಕೊಂಚ ಅಲುಗಿದರೂ ಐದಾರು ಪಿಕ್ಸೆಲ್ ಕಲಸಿಹೋಗುತ್ತವೆ. ಬರಿಗಣ್ಣಿಗೆ ಬಿಸಿಲಲೆ ಕಾಣದಿದ್ದರೂ ಕ್ರಾಪಿನಲ್ಲಿ ಕಾಣುತ್ತದೆ. ಮಧ್ಯಾಹ್ನ ಹನ್ನೆರಡಕ್ಕೆ 150 ಮೀಟರಿನಿಂದ ತೆಗೆದ ಕೊರಳಪಟ್ಟಿಗಿಂತ, ಬೆಳಗಿನ ಏಳು ಗಂಟೆಗೆ 200 ಮೀಟರಿನಿಂದ ತೆಗೆದದ್ದು ಸ್ಪಷ್ಟವಾಗಿ ಓದಲು ಬರುವುದುಂಟು. ಹತ್ತಿರ ಹೋಗಲಾಗದಿದ್ದರೆ ಬೇಗ ಹೋಗುವುದು ಎರಡನೆಯ ಉಪಾಯ. ಕಾರಿನ ಕಿಟಕಿಯಿಂದ ತೆಗೆಯುವವರು ಎಂಜಿನ್ ಆರಿಸಿ ಒಂದಿಷ್ಟು ಕಾಯಬೇಕು. ಬಾನೆಟ್ಟಿನ ಮೇಲೆ ಏಳುವ ಬಿಸಿ ಲೆನ್ಸಿನ ಎದುರೇ ಇರುತ್ತದಲ್ಲ!

ಕ್ರಾಪ್ ಮೆತ್ತಗಾದಾಗ ಯಾವುದು ಕಾರಣ ಎಂದು ಪತ್ತೆ ಮಾಡುವುದು ಕಷ್ಟವೇನಲ್ಲ. ಚಿತ್ರವನ್ನು ನೂರು ಪ್ರತಿಶತಕ್ಕೆ, ಅಂದರೆ ಚಿತ್ರದ ಒಂದು ಪಿಕ್ಸೆಲ್ಲಿಗೆ ಪರದೆಯ ಒಂದು ಪಿಕ್ಸೆಲ್ ಬರುವಂತೆ ತೆರೆದು ನೋಡಬೇಕು. ಹಕ್ಕಿಯ ಕಣ್ಣಿನ ಹೊಳಪು, ನೀರಿನ ಮೇಲಿನ ಮಿನುಗು, ಎಲ್ಲವೂ ಒಂದೇ ದಿಕ್ಕಿಗೆ ಸಣ್ಣ ಗೆರೆಯಾಗಿ ಎಳೆದುಕೊಂಡಿದ್ದರೆ ಕೈ ಅಲುಗಿದೆ. ಹಕ್ಕಿ ಮಸುಕಾಗಿದ್ದು ಅದರ ಮುಂದಿನದೋ ಹಿಂದಿನದೋ ಹುಲ್ಲು ಚೂಪಾಗಿದ್ದರೆ ಫೋಕಸ್ ತಪ್ಪಿದೆ. ದೂರದ ಯಾವುದೂ ಚೂಪಿಲ್ಲದೆ, ಹಕ್ಕಿಯ ಬೆನ್ನಿನ ಅಂಚು ಅಂಕುಡೊಂಕಾಗಿ, ಒಂದೊಂದು ಫ್ರೇಮಿನಲ್ಲಿ ಒಂದೊಂದು ಥರ ಕಂಡರೆ ಅದು ಗಾಳಿಯ ಆಟ. ಈ ಮೂರನೆಯದಕ್ಕೆ ಶಟರ್ ವೇಗ ಏರಿಸಿದರೂ ಪೂರ್ತಿ ಪರಿಹಾರವಿಲ್ಲ. ಇರುವ ದಾರಿ ಒಂದೇ, ಒಂದೇ ಸಮ ಹತ್ತಿಪ್ಪತ್ತು ಫ್ರೇಮು ಹೊಡೆದು ಗಾಳಿ ಒಂದು ಗಳಿಗೆ ತಡೆದು ನಿಂತ ಫ್ರೇಮನ್ನು ಹೆಕ್ಕುವುದು. ಹಾರುವ ಹಕ್ಕಿಯಾದರೆ ಲೆಕ್ಕ ಇನ್ನೂ ಬಿಗಿ. ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ಅಡ್ಡ ಹಾಯುವ ಹೆಬ್ಬಾತು ಸಾವಿರದ ಒಂದು ಸೆಕೆಂಡಿನಲ್ಲಿ 15 ಮಿ.ಮೀ. ಮುಂದೆ ಸಾಗಿರುತ್ತದೆ. ಕ್ಯಾಮೆರಾವನ್ನು ಅದರ ಜೊತೆಗೇ ಹಾಯಿಸದಿದ್ದರೆ ನಮ್ಮ ಲೆಕ್ಕದಲ್ಲಿ 13 ಪಿಕ್ಸೆಲ್ ಉದ್ದದ ಗೀರು. ಇಡೀ ಚಿತ್ರವನ್ನು ಮೊಬೈಲಿನಲ್ಲಿ ಕುಗ್ಗಿಸಿ ನೋಡಿದರೆ ಅದು ಎರಡೇ ಪಿಕ್ಸೆಲ್, ಯಾರೂ ಗಮನಿಸುವುದಿಲ್ಲ. ಕ್ರಾಪಿನಲ್ಲಿ ಕೊರಳಪಟ್ಟಿಯ ಅಕ್ಷರವೇ ಅಳಿಸಿಹೋಗಿರುತ್ತದೆ.

ಇನ್ನು ಮಂಕು ಬೆಳಕಿನಲ್ಲಿ ಐಎಸ್ಒ ಏರಿಸಿದಾಗ ಬರುವ ಕಾಳುಕಾಳು. ಅದನ್ನು ನಯ ಮಾಡುವ ಸಾಫ್ಟ್‌ವೇರ್ ಯಾವುದು ಕಾಳು, ಯಾವುದು ಗರಿ ಎಂದು ಬೇರ್ಪಡಿಸಬೇಕು. ಕಣ್ಣು, ತಲೆಯ ಪಟ್ಟೆಗಳಂಥ ಗಾಢ ಗುರುತುಗಳನ್ನು ಅದು ಬಿಡುತ್ತದೆ, ಎದೆಯ ತೆಳು ಗೆರೆಗಳನ್ನು ಕಾಳಿನ ಜೊತೆ ಒರೆಸಿಹಾಕುತ್ತದೆ. ಮುಖ ಚೂಪಾಗಿದ್ದು ಮೈ ಮಾತ್ರ ಮೇಣದಂತೆ ಕಂಡರೆ ಇದು ನಡೆದಿದೆ ಎಂದರ್ಥ. ಅದಕ್ಕೆ ಪ್ರತಿಯಾಗಿ 'ಶಾರ್ಪನಿಂಗ್' ಎಳೆದರೆ ಹಕ್ಕಿಯ ಸುತ್ತ ಬಿಳಿ ಅಂಚು ಹುಟ್ಟುತ್ತದೆ, ಕಾಳುಗಳೇ ಸಾಲುಗಟ್ಟಿ ಗೆರೆಗಳಂತೆ ಕಾಣುತ್ತವೆ. ಎದೆಯ ಮೇಲೆ ಗೆರೆ ಇದೆಯೋ ಇಲ್ಲವೋ ಎಂಬುದರ ಮೇಲೆಯೇ ಜಾತಿ ನಿರ್ಧಾರವಾಗುವ ಪಿಪಿಟ್‌ನಂಥ ಹಕ್ಕಿಗಳಲ್ಲಿ ಇದು ಅಪಾಯ. ಇಂಥ ಹಕ್ಕಿಯ ಗುರುತು ಕೇಳುವವರು ಏನೂ ತಿದ್ದದ ಕ್ರಾಪನ್ನೂ ಜೊತೆಗಿಡುವುದು ಲೇಸು. ಎಳೆದು ದೊಡ್ಡದು ಮಾಡುವುದರಿಂದಲೂ ವಿವರ ಬರುವುದಿಲ್ಲ. ಎರಡು ಪಿಕ್ಸೆಲ್ ನಡುವೆ ಅವೆರಡರ ಸರಾಸರಿಯನ್ನು ತುಂಬುತ್ತಾ ಹೋದರೆ ಮೆಟ್ಟಿಲು ಮೆಟ್ಟಿಲಾಗಿದ್ದ ಅಂಚು ನಯವಾಗುತ್ತದೆ, ಓದಲಾಗದ ಅಕ್ಷರ ದೊಡ್ಡದಾಗಿ ಓದಲಾಗದಂತೆಯೇ ಉಳಿಯುತ್ತದೆ.

ಎಷ್ಟೋ ಒಳ್ಳೆಯ ಕ್ರಾಪ್‌ಗಳು ಹಾಳಾಗುವುದು ಕೆರೆಯ ಬಳಿ ಅಲ್ಲ, ವಾಟ್ಸ್‌ಆ್ಯಪ್‌ನಲ್ಲಿ. ಇಡೀ 6000 ಪಿಕ್ಸೆಲ್ ಚಿತ್ರವನ್ನು ಗುಂಪಿಗೆ ಹಾಕಿ 'ಕೊರಳಪಟ್ಟಿ ಓದಿ ಹೇಳಿ' ಎಂದು ಕೇಳುವವರಿದ್ದಾರೆ. ಅದು ಚಿತ್ರವನ್ನು ಕುಗ್ಗಿಸಿ ಕಳಿಸುತ್ತದೆ. 1600 ಪಿಕ್ಸೆಲ್ ಅಗಲಕ್ಕೆ ಇಳಿಯಿತು ಎಂದುಕೊಳ್ಳಿ, 640 ಪಿಕ್ಸೆಲ್ ಇದ್ದ ಹೆಬ್ಬಾತು 170ಕ್ಕೆ ಬಂತು. 17 ಪಿಕ್ಸೆಲ್ಲಿನ ಅಕ್ಷರ ನಾಲ್ಕೂವರೆಗೆ. ಆಚೆಯಿಂದ ನೋಡುವವರು ಬೆರಳಿಂದ ಎಳೆದೆಳೆದು ನೋಡಿ 'ಕ್ಲಿಯರ್ ಇಲ್ಲ ಸರ್' ಎನ್ನುತ್ತಾರೆ. ಮೊದಲೇ 900 × 600ಕ್ಕೆ ಕ್ರಾಪ್ ಮಾಡಿ ಕಳಿಸಿದ್ದರೆ, ಅಥವಾ ಫೋಟೊ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿದ್ದರೆ ಅಕ್ಷರ ಇದ್ದಂತೆ ತಲುಪುತ್ತಿತ್ತು. ಬಿಗಿ ಕ್ರಾಪ್ ವಿವರವನ್ನು ಕೆಡಿಸುತ್ತದೆ ಎಂದು ನಂಬಿದವರಿಗೆ ಇದು ವಿಚಿತ್ರ ಅನ್ನಿಸಬಹುದು, ಇಲ್ಲಿ ಉಳಿಸುವುದು ಅದೇ.

ಅಚ್ಚಿನ ಮಾತು ಬಂದರೆ ಲೆಕ್ಕ ಬೇರೆ. ಪತ್ರಿಕೆಯವರು ಇಂಚಿಗೆ 300 ಪಿಕ್ಸೆಲ್ ಕೇಳುತ್ತಾರೆ. ಇದು ಸುಮ್ಮನೆ ಬಂದ ಸಂಖ್ಯೆಯಲ್ಲ. ಚೆನ್ನಾಗಿರುವ ಕಣ್ಣು 30 ಸೆಂಟಿಮೀಟರ್ ದೂರದಿಂದ ಬೇರ್ಪಡಿಸಿ ನೋಡಬಲ್ಲ ಅತಿ ಸಣ್ಣ ಅಂತರ ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ಸ್ವಲ್ಪ ಕಡಿಮೆ. ಅದನ್ನು ಇಂಚಿಗೆ ಪರಿವರ್ತಿಸಿದರೆ 290ರ ಸುಮಾರು ಬರುತ್ತದೆ. ಆ ಲೆಕ್ಕದಲ್ಲಿ ನಮ್ಮ 900 ಪಿಕ್ಸೆಲ್ಲಿನ ಹೆಬ್ಬಾತು ಮೂರು ಇಂಚು ಅಗಲ ಅಚ್ಚಾಗಬಹುದು, ಅಂದರೆ ಪುಟದ ಮೂಲೆಯಲ್ಲೊಂದು ಚಿತ್ರ. ಅದನ್ನೇ ಅಡ್ಡ ಮಲಗಿಸಿದ ಎ4 ಹಾಳೆಯ ತುಂಬ ಹಿಗ್ಗಿಸಿದರೆ ಇಂಚಿಗೆ 77 ಪಿಕ್ಸೆಲ್ ಮಾತ್ರ. ಗೋಡೆಗೆ ತೂಗುಹಾಕಿ ನಾಲ್ಕು ಅಡಿ ದೂರದಿಂದ ನೋಡಿದರೆ ನಡೆದೀತು. ಕೈಯಲ್ಲಿ ಹಿಡಿದು ನೋಡಿದರೆ ನಡೆಯದು. ನನ್ನ ಮಟ್ಟಿಗೆ ಹಕ್ಕಿ 300 ಪಿಕ್ಸೆಲ್ಲಿಗಿಂತ ಸಣ್ಣದಿದ್ದರೆ ಅದನ್ನು ಹಕ್ಕಿಯ ಭಾವಚಿತ್ರ ಮಾಡುವ ಆಸೆ ಬಿಡುವುದೇ ವಾಸಿ. ಆಗ ಸುತ್ತಲಿನ ಕೆರೆ, ಗುಂಪು, ಬೆಳಗಿನ ಮಂಜು ಎಲ್ಲವನ್ನೂ ಒಳಗಿಟ್ಟುಕೊಂಡು ಸಡಿಲವಾಗಿ ಕತ್ತರಿಸಿದ ಚಿತ್ರವೇ ಹೆಚ್ಚು ಚೆನ್ನ. 600ರ ಮೇಲಿದ್ದರೆ ಗರಿಗಳ ಅಂಚು ಕಾಣುವ ಚಿತ್ರ ಸಿಗುತ್ತದೆ. ಗರಿಯ ಎಳೆ ಬೇಕೆಂದರೆ ಹೆಬ್ಬಾತಿನಷ್ಟು ದೊಡ್ಡ ಹಕ್ಕಿ ಇಡೀ ಫ್ರೇಮಿನ ಅರ್ಧವನ್ನಾದರೂ ತುಂಬಿರಬೇಕು, ಅದಕ್ಕೆ 30 ಮೀಟರಿನ ಹತ್ತಿರ ಬರಬೇಕು. ಮಾಗಡಿಯ ಹೆಬ್ಬಾತು ಅದಕ್ಕೆ ಒಪ್ಪುವುದಿಲ್ಲ.

ಪುರಾವೆಗಾಗಿ ಉಳಿಸುವ ಫೋಟೊಕ್ಕೆ ಈ ಯಾವ ಮಿತಿಯೂ ಇಲ್ಲ. ಇಬರ್ಡ್‌ನಂಥ ದಾಖಲೆಗಳಿಗೆ ಮಸುಕಾದ ಚಿತ್ರವೂ ಸಲ್ಲುತ್ತದೆ, ಗುರುತು ಹೇಳುವಷ್ಟು ಕಂಡರೆ ಸಾಕು. ಕೊರಳಪಟ್ಟಿ ಕಂಡವರು ಕತ್ತರಿಸದ ಮೂಲ ಕಡತವನ್ನು ಅಳಿಸದೆ ಇಟ್ಟುಕೊಳ್ಳಬೇಕು, ಒಂದೇ ಹಕ್ಕಿಯ ನಾಲ್ಕಾರು ಫ್ರೇಮುಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಕುತ್ತಿಗೆ ತಿರುಗಿದಂತೆ ಒಂದರಲ್ಲಿ ಕಾಣದ ಅಕ್ಷರದ ಬದಿ ಇನ್ನೊಂದರಲ್ಲಿ ಕಾಣುತ್ತದೆ. ಮೊದಲ ಎರಡು ಅಕ್ಷರ ಎಲ್ಲ ಫ್ರೇಮಿನಲ್ಲೂ ಒಂದೇ ಆಗಿ ಓದಿಬಂದು, ಮೂರನೆಯದು ಒಮ್ಮೆ 3, ಒಮ್ಮೆ 8 ಎಂದು ಕಂಡರೆ, ವರದಿಯಲ್ಲಿ 'ಮೂರನೆಯ ಅಂಕಿ 3 ಅಥವಾ 8' ಎಂದೇ ಬರೆಯಬೇಕು, ಜೊತೆಗೆ ದೂರ ಮತ್ತು ಹೊತ್ತು. ಪಟ್ಟಿ ಹಾಕಿದವರ ಬಳಿ ಯಾವ ಸಂಖ್ಯೆಯ ಹಕ್ಕಿ ಎಲ್ಲಿ, ಯಾವಾಗ ಕಂಡಿತು ಎಂಬ ದಾಖಲೆ ಇರುತ್ತದೆ. ಆ ಎರಡರಲ್ಲಿ ಯಾವುದು ಎಂದು ಬಿಡಿಸುವುದು ಅವರಿಗೆ ಬಿಟ್ಟದ್ದು.